ಡಬ್ಬಿಯ ಮೇಲೆ 2027, ಮಾರಾಟದ ಪುಟದಲ್ಲಿ ‘ಅವಧಿ ಮುಗಿದಿದೆ’: ಮುಖಲೇಪದ ವಿವರಗಳನ್ನು ಸರಿಯಾಗಿ ತುಂಬುವುದು ಹೇಗೆ?

ಕಲ್ಲಹಳ್ಳಿ ಮನೆ

ಮಂಡ್ಯದ ಕಲ್ಲಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಅಜ್ಜಿ ಹಬ್ಬದ ಹಿಂದಿನ ದಿನ ಮನೆಯ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಹಚ್ಚುತ್ತಿದ್ದ ಮುಖಲೇಪದ ಪುಡಿಯನ್ನು ಎರಡು ವರ್ಷಗಳಿಂದ ಮಾರುತ್ತಿದ್ದೇನೆ. ಮನೆಯಲ್ಲಿ ಮಾಡುವುದಿಲ್ಲ. ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಲೋನ್ ಲೈಸೆನ್ಸ್, ಅಂದರೆ ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸುವ ಪರವಾನಗಿ, ಪಡೆದು ಮಾಡಿಸುತ್ತೇನೆ. 2025ರ ಸೆಪ್ಟೆಂಬರ್ 12ರಂದು 5 ಕೆ.ಜಿ. ಬ್ಯಾಚ್ ತಯಾರಾಯಿತು, 100 ಗ್ರಾಮಿನ 50 ಡಬ್ಬಿಗಳಾದವು. ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದಲ್ಲಿ ಹಾಕಿದೆ. ಹನ್ನೊಂದು ಡಬ್ಬಿ ಹೋದವು. ಸೆಪ್ಟೆಂಬರ್ 28ರ ಬೆಳಿಗ್ಗೆ ಎದ್ದು ನೋಡಿದರೆ ಪುಟವೇ ಇಲ್ಲ. ‘ಅವಧಿ ಮುಗಿದ ಸರಕು’ ಎಂದು ತೆಗೆದುಹಾಕಿದ್ದಾರೆ. ಡಬ್ಬಿಯ ಮೇಲೆ 09/2027 ಎಂದು ಅಚ್ಚಾಗಿದೆ, ಇನ್ನೂ ಎರಡು ವರ್ಷ ಬಾಕಿ ಇದೆ! ಮೂರು ಸಲ ಬರೆದರೂ ಅದೇ ಉತ್ತರ ಬರುತ್ತಿದೆ.

ನಾನು ಎಕ್ಸೆಲ್ ಹಾಳೆಯಲ್ಲಿ ತುಂಬಿ ಕಳಿಸಿದ ವಿವರ ಇದು.

ಪದಾರ್ಥಗಳು: ಶ್ರೀಗಂಧ, ಕಸ್ತೂರಿ ಅರಿಶಿನ, ಗುಲಾಬಿ ದಳ, ಕಿತ್ತಳೆ ಸಿಪ್ಪೆ, ಕಡಲೆ ಹಿಟ್ಟು, ಅಕ್ಕಿ ಹಿಟ್ಟು, ಮುಲ್ತಾನಿ ಮಣ್ಣು. ಇದನ್ನು ಪಕ್ಕದ ಮನೆಯ ಹುಡುಗ ಇಂಗ್ಲಿಷಿನಲ್ಲಿ ಬರೆದುಕೊಟ್ಟ.
ಚರ್ಮದ ಬಗೆ: ಎಲ್ಲ ಬಗೆಯ ಚರ್ಮಕ್ಕೂ.
ಪ್ಯಾಚ್ ಟೆಸ್ಟ್: ಮೊಣಕೈ ಒಳಭಾಗಕ್ಕೆ ಹಚ್ಚಿ, 24 ಗಂಟೆ ಬಿಟ್ಟು ತೊಳೆಯಿರಿ.
ಬಳಕೆಯ ಕೊನೆಯ ದಿನ: `Sep-27`

ಇದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಹೇಳುವಿರಾ? ಮೂವತ್ತೊಂಬತ್ತು ಡಬ್ಬಿ ಮನೆಯ ಅಟ್ಟದಲ್ಲಿ ಕುಳಿತಿವೆ.

ಒಂಟಿಕೊಪ್ಪಲು ಅಂಗಡಿ

ಅಕ್ಕ, ನಾನು ಸೋಪು, ಕ್ರೀಮುಗಳನ್ನು ತರಿಸಿ ಮಾರುವವನು. ಇಂಥದ್ದನ್ನು ಬಹಳ ನೋಡಿದ್ದೇನೆ. ಪುಟವನ್ನು ಅಳಿಸಿ ಹೊಸದಾಗಿ ಹಾಕಿಬಿಡಿ. ಪದಾರ್ಥಗಳ ಪಟ್ಟಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕ ಡಬ್ಬಿಗೆ ಪಟ್ಟಿ ಬೇಕಿಲ್ಲ ಎಂದು ಕಾನೂನಿನಲ್ಲೇ ಇದೆ.

ಹೆಬ್ಬಾಳು ನಿವೃತ್ತ

ಪುಟವನ್ನು ಅಳಿಸಬೇಡಿ, ತಾಯಿ. ಅಳಿಸಿ ಹಾಕಿದರೂ ಅದೇ ಹಾಳೆ ಹೋಗುತ್ತದೆ, ಅದೇ ಉತ್ತರ ಬರುತ್ತದೆ. ಸೌಂದರ್ಯವರ್ಧಕ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೇನೆ. ಈ ತಪ್ಪು ಎಲ್ಲಿಂದ ಬಂತೆಂದು ನೋಡಿದ ಕೂಡಲೇ ತಿಳಿಯಿತು.

ನೀವು `Sep-27` ಎಂದು ಬರೆದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು 2027ರ ಸೆಪ್ಟೆಂಬರ್. ಎಕ್ಸೆಲ್ ಓದಿಕೊಂಡದ್ದು ಈ ವರ್ಷದ ಸೆಪ್ಟೆಂಬರ್ 27. ಹಾಳೆಯನ್ನು ಮತ್ತೆ ತೆರೆದು ಆ ಚೌಕದ ಮೇಲೆ ಒಮ್ಮೆ ಒತ್ತಿ, ಮೇಲಿನ ಉದ್ದನೆಯ ಪಟ್ಟಿಯಲ್ಲಿ ಏನಿದೆ ನೋಡಿ. ಚೌಕದಲ್ಲಿ `27-Sep` ಎಂದು ತಿರುಗಿರುತ್ತದೆ, ಮೇಲೆ ಪೂರ್ತಿ ದಿನಾಂಕ 2025ರದು ಇರುತ್ತದೆ. ಮಾರಾಟ ತಾಣಕ್ಕೆ ತಲುಪಿದ್ದು ಅದೇ. ತಯಾರಾಗಿ ಹದಿನೈದು ದಿನಕ್ಕೆ ಅವಧಿ ಮುಗಿಯುವ ಪುಡಿ! 28ರ ಬೆಳಿಗ್ಗೆ ಅವರು ತೆಗೆದದ್ದು ಅವರ ಲೆಕ್ಕದಲ್ಲಿ ಸರಿಯೇ.

ಕಲ್ಲಹಳ್ಳಿ ಮನೆ

ಸರ್, ಈಗಷ್ಟೇ ತೆರೆದು ನೋಡಿದೆ. ಚೌಕದಲ್ಲಿ `27-Sep`, ಮೇಲೆ `27-09-2025`. ಕೈಕಾಲು ತಣ್ಣಗಾಯಿತು. ಹನ್ನೊಂದು ಜನ ಈ ದಿನಾಂಕವನ್ನು ನೋಡಿಯೇ ಕೊಂಡರೋ ಏನೋ. ಇದನ್ನು ಸರಿಪಡಿಸುವುದು ಹೇಗೆ?

ಮದ್ದೂರು ಹುಡುಗ

ಇದಕ್ಕೆ ನಾನು ಉತ್ತರಿಸಬಲ್ಲೆ, ನಾಲ್ಕು ಜನರಿಗೆ ಇಂಥ ಹಾಳೆ ತುಂಬಿಕೊಡುತ್ತೇನೆ. ದಿನಾಂಕದ ಕಾಲಮ್ಮನ್ನು ಪೂರ್ತಿ ಆರಿಸಿ, ಬರೆಯುವುದಕ್ಕೆ ಮೊದಲೇ ಅದರ ಫಾರ್ಮ್ಯಾಟನ್ನು Text ಎಂದು ಬದಲಾಯಿಸಿ. ಬರೆದ ಮೇಲೆ ಬದಲಾಯಿಸಿದರೆ ದಿನಾಂಕದ ಜಾಗದಲ್ಲಿ ಐದಂಕಿಯ ಸಂಖ್ಯೆಯೊಂದು ಬಂದು ಕೂರುತ್ತದೆ. ಆಮೇಲೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆಯಿರಿ:

```
2027-09-30
```

ಈ ಕ್ರಮದಲ್ಲಿ ಬರೆದರೆ ಯಾರೂ ದಿನವನ್ನು ತಿಂಗಳೆಂದು ಓದುವುದಿಲ್ಲ. 05/01 ಎಂದು ಬರೆದರೆ ಒಬ್ಬರಿಗೆ ಜನವರಿ 5, ಇನ್ನೊಬ್ಬರಿಗೆ ಮೇ 1. ಆದರೂ ತಾಣದ ಮಾದರಿ ಹಾಳೆಯ ಮೇಲ್ಸಾಲಿನಲ್ಲಿ ಅವರು ಯಾವ ಕ್ರಮ ಕೇಳಿದ್ದಾರೆಂದು ಮೊದಲು ನೋಡಿಕೊಳ್ಳಿ, ಬೇರೆ ಕೇಳಿದ್ದರೆ ಹಾಗೆಯೇ ಕೊಡಬೇಕು. ಇನ್ನೊಂದು ಮಾತು: ತಾಣಕ್ಕೆ ಕಳಿಸಲು ಹಾಳೆಯಿಂದ CSV ಕಡತ ಮಾಡಿದ ಮೇಲೆ ‘ಒಮ್ಮೆ ನೋಡೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ. ತೆರೆದ ಕೂಡಲೇ ಎಕ್ಸೆಲ್ ದಿನಾಂಕಗಳನ್ನು ಮತ್ತೆ ತನ್ನ ಇಷ್ಟದಂತೆ ತಿದ್ದಿಕೊಳ್ಳುತ್ತದೆ. ನೋಡಲೇಬೇಕಾದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

ಇನ್ನು ಚರ್ಮದ ಬಗೆ. ಅಲ್ಲಿ ‘ಎಲ್ಲ’ ಎಂದಿರುವುದು ಸರಿಯಾಗಿಯೇ ಇದೆ ಅಲ್ಲವೇ? ಬಿಳಿ, ಗೋಧಿ, ಕಪ್ಪು ಎಂದು ಬರೆದರೆ ಯಾರಿಗಾದರೂ ನೋವಾಗುತ್ತದೆ.

ಕುವೆಂಪುನಗರ ಚರ್ಮವೈದ್ಯೆ

ಅಲ್ಲಿ ಕೇಳುತ್ತಿರುವುದು ಬಣ್ಣವನ್ನಲ್ಲ. ಚರ್ಮ ಒಣಗುವಂಥದ್ದೋ, ಜಿಡ್ಡಿನದ್ದೋ, ಹಣೆ ಮೂಗು ಜಿಡ್ಡಾಗಿ ಕೆನ್ನೆ ಒಣಗುವ ಮಿಶ್ರ ಬಗೆಯದ್ದೋ, ಬೇಗ ಕೆಂಪಾಗಿ ಉರಿಯುವಂಥದ್ದೋ ಎಂಬುದನ್ನು ಕೇಳುತ್ತಿದ್ದಾರೆ. ನಿಮ್ಮ ಪುಡಿಯಲ್ಲಿ ಮುಲ್ತಾನಿ ಮಣ್ಣಿದೆ, ಅದು ಎಣ್ಣೆಯನ್ನು ಹೀರುತ್ತದೆ. ಜಿಡ್ಡಿನ ಮುಖಕ್ಕೆ ಅದು ಒಳ್ಳೆಯದು. ಚಳಿಗಾಲದಲ್ಲಿ ಕೆನ್ನೆ ಬಿರುಕು ಬಿಡುವವರಿಗೆ ಅದನ್ನೇ ಹಚ್ಚಿದರೆ ಇನ್ನಷ್ಟು ಬಿಗಿಯುತ್ತದೆ. ಕಿತ್ತಳೆ ಸಿಪ್ಪೆಯ ಪುಡಿ, ಅರಿಶಿನ ಇವೆರಡೂ ಸೂಕ್ಷ್ಮ ಚರ್ಮದವರಿಗೆ ತೊಂದರೆ ಕೊಡಬಹುದು. ಆದ್ದರಿಂದ ‘ಎಲ್ಲ ಬಗೆಯ ಚರ್ಮಕ್ಕೂ’ ಎನ್ನುವುದು ಈ ಪುಡಿಗೆ ಒಪ್ಪುವ ಮಾತಲ್ಲ. ಜಿಡ್ಡಿನ ಚರ್ಮ, ಸಾಮಾನ್ಯ ಚರ್ಮ ಈ ಎರಡನ್ನು ಆರಿಸಿ. ಒಣ ಚರ್ಮದವರು ಹಾಲಿನಲ್ಲೋ ಮೊಸರಿನಲ್ಲೋ ಕಲಸಿ ವಾರಕ್ಕೊಮ್ಮೆ ಮಾತ್ರ ಹಚ್ಚಬೇಕೆಂದು ವಿವರಣೆಯಲ್ಲಿ ಬೇಕಾದರೆ ಬರೆಯಿರಿ. ‘ಸೂಕ್ಷ್ಮ’ ಎಂಬುದನ್ನು ಮಾತ್ರ ಆರಿಸಬೇಡಿ. ಆ ಪದವನ್ನು ಹುಡುಕಿಕೊಂಡು ಬರುವವರು ಈಗಾಗಲೇ ನಾಲ್ಕು ಕಡೆ ಉರಿ ಅನುಭವಿಸಿದವರು.

ಪ್ಯಾಚ್ ಟೆಸ್ಟಿನ ಸಾಲನ್ನು ಎಲ್ಲಿಂದ ತೆಗೆದುಕೊಂಡಿರಿ? 24 ಗಂಟೆ ಬಿಡಿ ಎಂಬುದು ಈ ಪುಡಿಗೆ ಸರಿಯಲ್ಲ.

ಕಲ್ಲಹಳ್ಳಿ ಮನೆ

ಮೇಡಂ, ನಮ್ಮ ಮನೆಯಲ್ಲಿದ್ದ ತಲೆಗೂದಲ ಬಣ್ಣದ ಪೊಟ್ಟಣದ ಮೇಲೆ ಹಾಗಿತ್ತು. ಅಷ್ಟು ದೊಡ್ಡ ಕಂಪನಿಯವರು ಬರೆದಿದ್ದಾರೆಂದು ನಾನೂ ಬರೆದೆ.

ಸರಸ್ವತೀಪುರಂ ಪಾರ್ಲರ್

ತಲೆಗೂದಲ ಬಣ್ಣ ಎಂದಾಕ್ಷಣ ನನ್ನ ಅನುಭವ ಹೇಳಲೇಬೇಕು. ಹದಿನಾಲ್ಕು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಮದುವೆಯ ಹಿಂದಿನ ದಿನ ಬಂದು ‘ಟೆಸ್ಟು ಗಿಸ್ಟು ಬೇಡ, ಹಿಂದೆಯೂ ಹಚ್ಚಿಸಿಕೊಂಡಿದ್ದೇನೆ’ ಎಂದು ಹಟ ಮಾಡಿದ ಒಬ್ಬರಿಗೆ ಹಚ್ಚಿಬಿಟ್ಟೆ. ಮಾರನೆಯ ದಿನ ಮುಹೂರ್ತದ ಹೊತ್ತಿಗೆ ಅವರ ಕಣ್ಣುರೆಪ್ಪೆ ಊದಿ ಕಣ್ಣೇ ಕಾಣುತ್ತಿರಲಿಲ್ಲ. ಅವತ್ತಿನಿಂದ ಯಾರೇ ಬರಲಿ, ಎಷ್ಟು ಸಲವೇ ಹಚ್ಚಿಸಿಕೊಂಡಿರಲಿ, ಎರಡು ದಿನ ಮೊದಲು ಕಿವಿಯ ಹಿಂದೆ ಹಚ್ಚಿ ಕಳಿಸುತ್ತೇನೆ. ಹಿಂದೆ ಏನೂ ಆಗಿಲ್ಲ ಎಂಬ ಮಾತನ್ನು ನಂಬುವುದಿಲ್ಲ. ಆದರೆ ಕಡಲೆ ಹಿಟ್ಟಿಗೂ ಇಷ್ಟೆಲ್ಲ ಬೇಕೇ ಮೇಡಂ? ಅಡುಗೆಮನೆಯ ಪದಾರ್ಥ ಅಲ್ಲವೇ?

ಕುವೆಂಪುನಗರ ಚರ್ಮವೈದ್ಯೆ

ನೀವು ಪ್ರತಿ ಸಲ ಹಚ್ಚಿ ನೋಡುವುದು ಸರಿ. ಮೊದಲ ಸಲ ಸುಮ್ಮನಿದ್ದ ದೇಹ ಮೂರನೆಯ ಸಲ ಒಗ್ಗದೆ ಕೆರಳುವುದು ಅಲರ್ಜಿಯ ಸ್ವಭಾವ. ಪ್ಯಾರಾ-ಫಿನೈಲೀನ್ ಡೈಅಮೀನ್‌ನಂಥ ರಾಸಾಯನಿಕ ಇರುವ ಕೂದಲ ಬಣ್ಣಗಳಿಗೆ ಈ ಪರೀಕ್ಷೆಯ ಸೂಚನೆಯನ್ನು ಅಚ್ಚು ಹಾಕಲೇಬೇಕೆಂದು ನಮ್ಮ ಕಾನೂನೇ ಹೇಳುತ್ತದೆ. ಕಿವಿಯ ಹಿಂದೆ ಅಥವಾ ಮುಂದೋಳಿನ ಒಳಭಾಗದಲ್ಲಿ ತೊಳೆದ ಜಾಗಕ್ಕೆ ಹಚ್ಚಿ, ಒಣಗಲು ಬಿಟ್ಟು, 24 ಗಂಟೆಯ ನಂತರ ತೊಳೆದು ನೋಡಿ ಎಂಬ ಮಾತುಗಳು ಅಲ್ಲಿಯವು. ಕಲ್ಲಹಳ್ಳಿಯವರು ನಕಲು ಮಾಡಿದ್ದು ಅದನ್ನೇ.

ಮುಖಲೇಪದ ಕಥೆ ಬೇರೆ. ಅದನ್ನು ಜನ ಹದಿನೈದು ನಿಮಿಷ ಹಚ್ಚಿ ತೊಳೆಯುತ್ತಾರೆ. ಮಣ್ಣು ಬೆರೆತ ಪುಡಿಯನ್ನು ಇಡೀ ದಿನ ಕೈಮೇಲೆ ಒಣಗಿಸಿಟ್ಟರೆ ಬರಿಯ ಬಿಗಿತಕ್ಕೇ ಚರ್ಮ ಕೆಂಪಾಗುತ್ತದೆ. ಅಲರ್ಜಿಯಿಲ್ಲದವರೂ ‘ನನಗೆ ಆಗಿಬರಲಿಲ್ಲ’ ಎನ್ನುತ್ತಾರೆ. ಇದರ ಇನ್ನೊಂದು ಮುಖ ಹೆಚ್ಚು ಕೆಟ್ಟದ್ದು. ನಿಜವಾದ ಸಂಪರ್ಕ ಅಲರ್ಜಿ ನಿಧಾನವಾಗಿ ಏಳುತ್ತದೆ, ಎರಡನೆಯ ಅಥವಾ ಮೂರನೆಯ ದಿನ ಕಾಣಿಸಿಕೊಳ್ಳುವುದು ಮಾಮೂಲು. ಆಸ್ಪತ್ರೆಯಲ್ಲಿ ನಾವು ಬೆನ್ನಿಗೆ ಅಂಟಿಸುವ ಪಟ್ಟಿಗಳನ್ನು 48 ಗಂಟೆಗೆ ತೆಗೆದರೂ ಮತ್ತೆ 72 ಅಥವಾ 96 ಗಂಟೆಗೆ ನೋಡುತ್ತೇವೆ. ನಿಮ್ಮ ಸಾಲನ್ನು ಓದಿದವರು 24 ಗಂಟೆಗೆ ತೊಳೆದು, ಏನೂ ಇಲ್ಲವೆಂದು ಅವತ್ತೇ ಮುಖಕ್ಕೆ ಬಳಿದುಕೊಂಡಿರುತ್ತಾರೆ.

ನಾನಾದರೆ ಹೀಗೆ ಬರೆಯುತ್ತೇನೆ: “ಮುಖಕ್ಕೆ ಹಚ್ಚುವಂತೆಯೇ ಕಲಸಿ, ಮುಂದೋಳಿನ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ. 15 ನಿಮಿಷದ ನಂತರ ತೊಳೆಯಿರಿ. ಮೂರು ದಿನ ಗಮನಿಸಿ. ತುರಿಕೆ, ಉರಿ, ಕೆಂಪು, ಗುಳ್ಳೆ ಕಂಡರೆ ಬಳಸಬೇಡಿ.” ಸೂಕ್ಷ್ಮ ಚರ್ಮದವರು ಅದೇ ಜಾಗಕ್ಕೆ ಒಂದು ವಾರ ದಿನವೂ ಹಚ್ಚಿ ನೋಡಿದರೆ ಇನ್ನೂ ಒಳ್ಳೆಯದು. ಇಷ್ಟು ಮಾಡಿಯೂ ಮುಖದಲ್ಲಿ ಅಲರ್ಜಿ ಕಾಣಬಹುದು. ‘ಪ್ಯಾಚ್ ಟೆಸ್ಟ್ ಮಾಡಿದ್ದರೆ ಸುರಕ್ಷಿತ’ ಎಂದು ಮಾತ್ರ ಎಲ್ಲಿಯೂ ಬರೆಯಬೇಡಿ.

ಅಡುಗೆಮನೆಯ ಪದಾರ್ಥ ಎಂಬ ಮಾತಿಗೆ: ಅರಿಶಿನಕ್ಕೆ ಅಲರ್ಜಿ ಇರುವವರನ್ನು ನಾನೇ ನೋಡಿದ್ದೇನೆ. ಕಡಲೆಬೇಳೆ ತಿಂದರೆ ಮೈಯೆಲ್ಲ ದದ್ದು ಏಳುವವರೂ ಇದ್ದಾರೆ.

ಶ್ರೀರಂಗಪಟ್ಟಣ

ನಾನು ಆ ಹನ್ನೊಂದು ಜನರಲ್ಲಿ ಒಬ್ಬಳಲ್ಲ, ಆದರೆ ಪುಟ ನೋಡಿ ಕೊಳ್ಳದೆ ಬಿಟ್ಟವಳು. ನನ್ನ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಚಟ್ನಿಯಲ್ಲಿ ಒಂದು ಚೂರು ಸಿಕ್ಕರೂ ಆಸ್ಪತ್ರೆಗೆ ಓಡಬೇಕು. ನಿಮ್ಮ ಪುಟದಲ್ಲಿ ಇಂಗ್ಲಿಷಿನಲ್ಲಿ `Groundnut Flour` ಎಂದಿತ್ತು. ಈಗ ನೋಡಿದರೆ ಇಲ್ಲಿ ಕಡಲೆ ಹಿಟ್ಟು ಎಂದಿದ್ದೀರಿ. ಯಾವುದು ನಿಜ?

ಕಲ್ಲಹಳ್ಳಿ ಮನೆ

ಅಯ್ಯೋ! ಅಮ್ಮ, ಅದು ಕಡಲೆಬೇಳೆಯ ಹಿಟ್ಟು, ಬೋಂಡಕ್ಕೆ ಹಾಕುವುದು. ಹುಡುಗ ‘ಕಡಲೆ’ ಎಂದದ್ದನ್ನು ಕಡಲೆಕಾಯಿ ಎಂದು ತಿಳಿದಿದ್ದಾನೆ. ನಾನು ಇಂಗ್ಲಿಷನ್ನು ಓದಿ ನೋಡಲೇ ಇಲ್ಲ. ಕ್ಷಮಿಸಿ.

ಶ್ರೀರಂಗಪಟ್ಟಣ

ನನಗೆ ನಷ್ಟವಿಲ್ಲ, ಕೊಳ್ಳಲಿಲ್ಲ ಅಷ್ಟೆ. ಇದು ತಿರುಗಾಮುರುಗಾ ಆಗಿದ್ದರೆ? ಕಡಲೆಕಾಯಿ ಇದ್ದು ಕಡಲೆ ಹಿಟ್ಟು ಎಂದು ಬರೆದಿದ್ದರೆ ನಾನು ಕೊಂಡು ಮಗಳ ಮುಖಕ್ಕೆ ಹಚ್ಚಿರುತ್ತಿದ್ದೆ. ಕಡಲೆಬೇಳೆ ಆಗದ ಮಗುವಿನ ತಾಯಿ ನಿಮ್ಮ ಪುಟ ನೋಡಿ ಧೈರ್ಯವಾಗಿ ಕೊಂಡಿರಲೂಬಹುದು.

ಹೆಬ್ಬಾಳು ನಿವೃತ್ತ

ಈ ತಾಯಿ ಹೇಳಿದ್ದು ಇಡೀ ಚರ್ಚೆಯಲ್ಲೇ ಮುಖ್ಯವಾದ ಮಾತು. ಪದಾರ್ಥಗಳಿಗೆ ಹಲವು ದೇಶದವರು ಒಪ್ಪಿದ ಹೆಸರುಗಳಿರುವುದು ಇದಕ್ಕೇ. ಕಡಲೆ ಹಿಟ್ಟಿಗೆ `Cicer Arietinum Seed Powder` ಎಂದು ಬರೆದರೆ ಮಂಡ್ಯದ ಕಡಲೆಯೋ ಕಡಲೆಕಾಯಿಯೋ ಎಂಬ ಗೊಂದಲ ಇರುವುದಿಲ್ಲ. ಪಕ್ಕದಲ್ಲಿ ಕನ್ನಡದಲ್ಲಿ ‘ಕಡಲೆಬೇಳೆ ಹಿಟ್ಟು’ ಎಂದು ಬೇಳೆ ಸೇರಿಸಿಯೇ ಬರೆಯಿರಿ.

ಒಂಟಿಕೊಪ್ಪಲಿನವರ ಮಾತು ಅರ್ಧ ಸರಿ. 2020ರ ಸೌಂದರ್ಯವರ್ಧಕ ನಿಯಮಗಳಲ್ಲಿ 60 ಮಿ.ಲೀ. ಒಳಗಿನ ದ್ರವಕ್ಕೂ 30 ಗ್ರಾಂ ಒಳಗಿನ ಗಟ್ಟಿ ಪದಾರ್ಥಕ್ಕೂ ಲೇಬಲ್ಲಿನ ಮೇಲೆ ಪಟ್ಟಿ ಕಡ್ಡಾಯವಲ್ಲ. ಇವರದು 100 ಗ್ರಾಂ, ವಿನಾಯಿತಿ ಇಲ್ಲ. ಇರುವ ವಿನಾಯಿತಿಯೂ ಲೇಬಲ್ಲಿನ ಅಂಗೈಯಗಲ ಜಾಗಕ್ಕಾಗಿ. ಮಾರಾಟದ ಪುಟದಲ್ಲಿ ಜಾಗಕ್ಕೇನು ಬರ? 20 ಗ್ರಾಂ ಮಾದರಿ ಪೊಟ್ಟಣಕ್ಕೂ ಪುಟದಲ್ಲಿ ಪೂರ್ತಿ ಪಟ್ಟಿ ಕೊಡಿ.

ಈಗ ಕಲ್ಲಹಳ್ಳಿಯವರಿಗೆ ಒಂದು ಪ್ರಶ್ನೆ. ಪಟ್ಟಿಯಲ್ಲಿ ಶ್ರೀಗಂಧ ಮೊದಲು ಬಂದಿದೆ. 5 ಕೆ.ಜಿ.ಯಲ್ಲಿ ಶ್ರೀಗಂಧ ಎಷ್ಟು? ನೆನಪಿನಿಂದ ಹೇಳಬೇಡಿ. ಘಟಕದವರ ಬಳಿ ಬ್ಯಾಚ್ ದಾಖಲೆ ಇರುತ್ತದೆ, ತೂಕದ ಹಾಳೆಯ ಪ್ರತಿ ಕೇಳಿ ತರಿಸಿಕೊಳ್ಳಿ.

ಕಲ್ಲಹಳ್ಳಿ ಮನೆ

ಸರ್, ಘಟಕದವರು ವಾಟ್ಸ್‌ಆ್ಯಪ್‌ನಲ್ಲಿ ಹಾಳೆಯ ಚಿತ್ರ ಕಳಿಸಿದರು. ಕಡಲೆ ಹಿಟ್ಟು 2 ಕೆ.ಜಿ., ಮುಲ್ತಾನಿ ಮಣ್ಣು 1.25 ಕೆ.ಜಿ., ಅಕ್ಕಿ ಹಿಟ್ಟು 750 ಗ್ರಾಂ, ಕಿತ್ತಳೆ ಸಿಪ್ಪೆ 500 ಗ್ರಾಂ, ಗುಲಾಬಿ 250 ಗ್ರಾಂ, ಕಸ್ತೂರಿ ಅರಿಶಿನ 200 ಗ್ರಾಂ, ಶ್ರೀಗಂಧ 50 ಗ್ರಾಂ. ನೋಡಿ ನನಗೇ ಆಶ್ಚರ್ಯವಾಯಿತು. ಅಜ್ಜಿಯ ಲೆಕ್ಕ ಲೋಟದ್ದು. ಒಂದು ಲೋಟ ಮಣ್ಣಿಗೆ ಒಂದು ಲೋಟ ಗುಲಾಬಿ ಎನ್ನುತ್ತಿದ್ದರು, ಆದ್ದರಿಂದ ಗುಲಾಬಿ ಬಹಳ ಇದೆಯೆಂದೇ ತಿಳಿದಿದ್ದೆ. ಇವತ್ತು ಅದೇ ಹಿತ್ತಾಳೆ ಲೋಟದಲ್ಲಿ ಎರಡನ್ನೂ ಅಳೆದು ತೂಕದ ಯಂತ್ರದ ಮೇಲಿಟ್ಟೆ. ಮಣ್ಣಿನ ಲೋಟ ಕೈ ಜಗ್ಗುತ್ತದೆ, ಗುಲಾಬಿಯ ಲೋಟ ಖಾಲಿ ಲೋಟದಂತೆಯೇ ಇದೆ.

ಶ್ರೀಗಂಧವನ್ನು ಮೊದಲು ಬರೆದದ್ದು, ಸುಳ್ಳು ಹೇಳುವುದಿಲ್ಲ, ಜನ ಅದನ್ನೇ ಹುಡುಕುತ್ತಾರೆಂದು.

ಹೆಬ್ಬಾಳು ನಿವೃತ್ತ

ನೇರವಾಗಿ ಹೇಳಿದಿರಿ, ಸಂತೋಷ. 5 ಕೆ.ಜಿ.ಯಲ್ಲಿ 50 ಗ್ರಾಂ ಎಂದರೆ ನೂರಕ್ಕೆ ಒಂದು. ನಿಯಮದ ಪ್ರಕಾರ ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಆಮೇಲೆ. ನೂರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಆ ಸಡಿಲಿಕೆ ಕೊನೆಯ ಗುಂಪಿನೊಳಗೆ ಮಾತ್ರ, ಅಲ್ಲಿಂದ ಜಿಗಿದು ಮೊದಲ ಸ್ಥಾನಕ್ಕೆ ಬರಲು ಅಲ್ಲ. ನಿಮ್ಮ ಪಟ್ಟಿ ತಲೆಕೆಳಗಾಗಿತ್ತು. ಸರಿಯಾದದ್ದು ಹೀಗೆ:

```
INGREDIENTS: Cicer Arietinum Seed Powder, Solum Fullonum,
Oryza Sativa Powder, Citrus Aurantium Dulcis Peel Powder,
Rosa Centifolia Flower Powder, Curcuma Aromatica Root Powder,
Santalum Album Wood Powder
```

ಎರಡನೆಯದು ಮುಲ್ತಾನಿ ಮಣ್ಣು. ಗುಲಾಬಿಯ ಹೆಸರು ನಿಮಗೆ ಬಂದ ದಳ ಯಾವ ಜಾತಿಯದು ಎಂಬುದರ ಮೇಲೆ ಬದಲಾಗುತ್ತದೆ. ನಿಜವಾದ ತೊಡಕು ಅರಿಶಿನದ್ದು. ಕಸ್ತೂರಿ ಅರಿಶಿನ ಎಂದು ಗ್ರಂಥಿಗೆ ಅಂಗಡಿಗಳಲ್ಲಿ ಕೊಡುವುದು ಎಷ್ಟೋ ಸಲ `Curcuma zedoaria`, ಅಂದರೆ ಕಚೋರ. ಒಣಗಿದ ಹೋಳುಗಳನ್ನು ನೋಡಿದರೆ ಬೇಗ ಗೊತ್ತಾಗುವುದಿಲ್ಲ, ಪುಡಿಯಾದ ಮೇಲಂತೂ ಹೇಳುವುದೇ ಕಷ್ಟ. ನಿಮ್ಮದು ಎಲ್ಲಿಂದ ಬಂತು?

ಕಲ್ಲಹಳ್ಳಿ ಮನೆ

ಉಳಿದ ಆರನ್ನೂ ಘಟಕದವರೇ ತರಿಸಿದ್ದು, ಅವಕ್ಕೆ ಸರಬರಾಜುದಾರರ ಪ್ರಮಾಣಪತ್ರ ಇದೆ. ಅರಿಶಿನವನ್ನು ಮಾತ್ರ ನಾನೇ ಪರಿಚಯದ ಗ್ರಂಥಿಗೆ ಅಂಗಡಿಯಿಂದ ಕೊಂಡು ಕೊಟ್ಟೆ. ರಸೀದಿಯಲ್ಲಿ ‘ಕಸ್ತೂರಿ ಅರಿಶಿನ 200 ಗ್ರಾಂ’ ಎಂದಷ್ಟೇ ಇದೆ.

ಹೆಬ್ಬಾಳು ನಿವೃತ್ತ

ಹಾಗಾದರೆ ಆ ಹೆಸರನ್ನು ಬರೆಯಲು ನಿಮ್ಮ ಕೈಯಲ್ಲಿ ಆಧಾರವಿಲ್ಲ. ಅಂಗಡಿಯವರಿಂದ ಸಸ್ಯದ ಹೆಸರನ್ನು ಬರಹದಲ್ಲಿ ಪಡೆಯಿರಿ. ಮುಂದಿನ ಬ್ಯಾಚಿಗೆ ಅದನ್ನೂ ಘಟಕದವರೇ ಪ್ರಮಾಣಪತ್ರದೊಂದಿಗೆ ತರಿಸಲಿ. ಇನ್ನೊಂದನ್ನು ಗಮನಿಸಿ: ಪುಟದ ಶೀರ್ಷಿಕೆಯಲ್ಲಿ ‘ಮೈಸೂರು ಸ್ಯಾಂಡಲ್’ ಎಂದು ಸೇರಿಸುವ ಆಸೆ ಬೇಡ. ಅದು ರಾಜ್ಯ ಸರ್ಕಾರದ ಸಾಬೂನು ಕಾರ್ಖಾನೆಯ ಬ್ರ್ಯಾಂಡ್ ಹೆಸರು.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವುದನ್ನು ಕೇಳುತ್ತೇನೆ. ಡಬ್ಬಿಯ ಮೇಲಿನ 09/2027 ಎಲ್ಲಿಂದ ಬಂತು?

ಕಲ್ಲಹಳ್ಳಿ ಮನೆ

ಬೇರೆಯವರ ಮುಖಲೇಪಗಳ ಮೇಲೆ 24 ತಿಂಗಳು ಎಂದಿರುತ್ತದೆ, ಸರ್. ಘಟಕದವರು ‘ಎಷ್ಟು ಹಾಕೋಣ’ ಎಂದು ಕೇಳಿದರು, ನಾನೂ ಅಷ್ಟೇ ಹೇಳಿದೆ.

ಒಂಟಿಕೊಪ್ಪಲು ಅಂಗಡಿ

ಇದರಲ್ಲಿ ತಪ್ಪೇನು? ಒಣಪುಡಿ, ನೀರಿನ ಸೋಂಕಿಲ್ಲ. ನೀರಿಲ್ಲದ ಕಡೆ ಬೂಷ್ಟು ಬೆಳೆಯುವುದಿಲ್ಲ. ಅಲ್ಲದೆ ಬೆರೆಸಿದ ಮೇಲೆ ಅದು ಹೊಸ ಪದಾರ್ಥ, ಬೆರೆಸಿದ ದಿನದಿಂದ ಲೆಕ್ಕ. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಚಿತ್ರ ಹಾಕಿ `12M`, ಅಂದರೆ ಹನ್ನೆರಡು ತಿಂಗಳು, ಎಂದು ಬರೆದರೂ ಸಾಕು, ನಾನು ತರಿಸುವ ವಿದೇಶಿ ಕ್ರೀಮುಗಳ ಮೇಲೆಲ್ಲ ಅದೇ ಇರುತ್ತದೆ.

ಹೆಬ್ಬಾಳು ನಿವೃತ್ತ

ನೀರಿಲ್ಲದ ಪುಡಿ ಅಲೋವೆರಾ ಜೆಲ್ಲಿನಷ್ಟು ಬೇಗ ಕೆಡುವುದಿಲ್ಲ ಎಂಬುದು ನಿಜ. ಆದರೆ ಕಡಲೆ ಹಿಟ್ಟಿನಲ್ಲಿ ಎಣ್ಣೆಯ ಅಂಶವಿದೆ, ಗಾಳಿ ತಾಗುತ್ತಾ ಅದು ಕಮಟುತ್ತದೆ. ಹುಳ ಬೀಳುತ್ತದೆ. ಒದ್ದೆ ಚಮಚ ಹಾಕಿದರೆ, ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ, ನೀರಿಲ್ಲ ಎಂಬ ಮಾತೂ ಹೋಯಿತು. ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ಸುಗಂಧಾಂಶ ಹಳತಾಗಿ ಗಾಳಿಯೊಡನೆ ಬೆರೆತಷ್ಟೂ ಅಲರ್ಜಿ ಎಬ್ಬಿಸುವ ಗುಣ ಹೆಚ್ಚುತ್ತದೆ. ಡಾಕ್ಟರ್ ಮೇಡಂ ಹೇಳಿದ ಪ್ಯಾಚ್ ಟೆಸ್ಟನ್ನು ಹೊಸ ಡಬ್ಬಿಯಲ್ಲಿ ಮಾಡಿ ಪಾಸಾದವರಿಗೆ ಅದೇ ಡಬ್ಬಿ ಒಂದೂವರೆ ವರ್ಷದ ಮೇಲೆ ತುರಿಕೆ ತರಬಹುದು.

ಮುಚ್ಚಳ ತೆರೆದ ಚಿತ್ರ ತೆರೆದ ಮೇಲಿನ ಬಾಳಿಕೆಯನ್ನು ಹೇಳುತ್ತದೆ. ಅದು ಬಳಕೆಯ ಕೊನೆಯ ತಿಂಗಳು, ವರ್ಷಕ್ಕೆ ಬದಲಿ ಅಲ್ಲ. ನಮ್ಮ ಲೇಬಲ್ಲಿನಲ್ಲಿ ತಿಂಗಳು, ವರ್ಷ ಇರಲೇಬೇಕು. ಇ-ಕಾಮರ್ಸ್ ಕುರಿತ 2020ರ ಗ್ರಾಹಕ ರಕ್ಷಣಾ ನಿಯಮಗಳಂತೆ ಅವಧಿ ಇರುವ ಸರಕಿನ ಕೊನೆಯ ದಿನಾಂಕವನ್ನು ಮಾರುವವರು ತಿಳಿಸಬೇಕು.

ಬೆರೆಸಿದ ದಿನದಿಂದ ಹೊಸ ಲೆಕ್ಕ ಎಂಬುದನ್ನು ನಾನು ಒಪ್ಪುವುದಿಲ್ಲ. ಆರು ತಿಂಗಳು ಬಾಳುವ ಹಿಟ್ಟು ಮಣ್ಣಿನ ಜೊತೆ ಬೆರೆತ ಮಾತ್ರಕ್ಕೆ ಎರಡು ವರ್ಷ ಹೇಗೆ ಬಾಳುತ್ತದೆ? ಬಾಳುತ್ತದೆ ಎನ್ನುವುದಾದರೆ ಪ್ರತಿ ಬ್ಯಾಚಿನಿಂದ ಮುಚ್ಚಿದ ಡಬ್ಬಿಗಳನ್ನು ಎತ್ತಿಟ್ಟು, ತಿಂಗಳು ತಿಂಗಳು ಒಂದನ್ನು ತೆರೆದು ವಾಸನೆ, ಬಣ್ಣ, ಗಂಟು, ತೇವ, ಸೂಕ್ಷ್ಮಜೀವಿ ಪರೀಕ್ಷೆಗಳನ್ನು ಬರೆದಿಟ್ಟು ತೋರಿಸಬೇಕು. ಹಾಗೆ ತೋರಿಸಿದವರು 24 ತಿಂಗಳು ಹಾಕಲಿ. ಕಲ್ಲಹಳ್ಳಿಯವರೇ, ಹಿಟ್ಟಿನ ಚೀಲದ ಮೇಲೆ ಏನಿತ್ತು? ಹಿಂದಿನ ಬ್ಯಾಚಿನ ಡಬ್ಬಿ ಯಾವುದಾದರೂ ಉಳಿದಿದೆಯೇ?

ಕಲ್ಲಹಳ್ಳಿ ಮನೆ

ಚೀಲದ ಮೇಲೆ: ತುಂಬಿದ್ದು ಆಗಸ್ಟ್ 2025, ಆರು ತಿಂಗಳೊಳಗೆ ಬಳಸಿ.

ಹಿಂದಿನ ವರ್ಷದ ಜುಲೈ ಬ್ಯಾಚಿನ ಎರಡು ಡಬ್ಬಿ ಅಟ್ಟದ ಮೂಲೆಯಲ್ಲಿ ಸಿಕ್ಕವು, ಸೀಲು ತೆಗೆದಿರಲಿಲ್ಲ. ಒಂದನ್ನು ತೆರೆದೆ. ಮೇಲೆ ಗುಲಾಬಿಯ ಕೆಂಪು ಮಾಸಿ ಕಂದಾಗಿದೆ. ಮೂಗಿನ ಬಳಿ ಹಿಡಿದರೆ ಮೊದಲು ಗಂಧ ಬರುತ್ತದೆ, ಅದರ ಹಿಂದೆಯೇ ಹಳೆಯ ಬೋಂಡದ ಎಣ್ಣೆಯಂಥ ಕಮಟು ವಾಸನೆ. ಅಂಗೈಗೆ ಹಾಕಿಕೊಂಡು ನೀರು ಬೆರೆಸಿದೆ, ವಾಸನೆ ಇನ್ನೂ ಜೋರಾಯಿತು. ಎರಡನೆಯ ಡಬ್ಬಿಯ ತಳದಲ್ಲಿ ಬಲೆ ಕಟ್ಟಿದಂತೆ ಪುಡಿ ಅಂಟಿಕೊಂಡಿತ್ತು, ಕೆದಕಿದರೆ ಸಣ್ಣ ಹುಳ. ಈ ಡಬ್ಬಿಗಳ ಮೇಲೆ 07/2026 ಎಂದಿದೆ, ಸರ್. ಇದೇ ದಿನಾಂಕ ನಂಬಿಕೊಂಡು ಎಷ್ಟು ಮನೆಗಳಲ್ಲಿ ಇದು ಇದೆಯೋ.

ಸರಸ್ವತೀಪುರಂ ಪಾರ್ಲರ್

ಧೈರ್ಯ ತೆಗೆದುಕೊಳ್ಳಿ ಅಕ್ಕ. ಆ ಬ್ಯಾಚ್ ಕೊಂಡವರ ಫೋನ್ ನಂಬರ್ ಇದ್ದರೆ ಇವತ್ತೇ ಹೇಳಿಬಿಡಿ. ನನ್ನ ಗಿರಾಕಿಗೆ ನಾನು ಆಸ್ಪತ್ರೆಗೇ ಹೋಗಿ ಕ್ಷಮೆ ಕೇಳಿದೆ. ಈಗಲೂ ನನ್ನ ಬಳಿಯೇ ಬರುತ್ತಾರೆ.

ಹೆಬ್ಬಾಳು ನಿವೃತ್ತ

ನಿಮ್ಮ ಪುಡಿಯ ಬಾಳಿಕೆಯ ಬಗ್ಗೆ ನಿಮಗೆ ಸಿಕ್ಕಿರುವ ಮೊದಲ ನಿಜವಾದ ಸಾಕ್ಷಿ ಈ ಎರಡು ಡಬ್ಬಿಗಳು. ಎಸೆಯಬೇಡಿ, ಘಟಕಕ್ಕೆ ಒಯ್ದು ತೋರಿಸಿ. ಸದ್ಯಕ್ಕೆ ಹಿಟ್ಟಿನ ಅವಧಿಯೇ ನಿಮ್ಮ ಅವಧಿ. ಆಗಸ್ಟ್‌ನಿಂದ ಆರು ತಿಂಗಳು ಎಂದರೆ ಫೆಬ್ರವರಿ 2026. ಅವಧಿ ಹೆಚ್ಚು ಬೇಕಿದ್ದರೆ ಬ್ಯಾಚಿನ ವಾರದಲ್ಲೇ ಬೀಸಿಸಿದ ಹಿಟ್ಟು ಬಳಸಿ, ಡಬ್ಬಿಯ ಬದಲು ತೇವ ತಡೆಯುವ ಸೀಲ್ ಮಾಡಿದ ಪೊಟ್ಟಣಕ್ಕೆ ತುಂಬಿ, ಮಾದರಿಗಳನ್ನು ಇಟ್ಟು ನೋಡುತ್ತಾ ಹೋಗಿ.

ಮದ್ದೂರು ಹುಡುಗ

ಸರ್, ಲೇಬಲ್ಲಿನಲ್ಲಿ 02/2026 ಎಂದಿದ್ದರೆ ಹಾಳೆಯಲ್ಲಿ ಯಾವ ದಿನ ಬರೆಯುವುದು? ಅಲ್ಲಿ ದಿನವೂ ಬೇಕು.

ಹೆಬ್ಬಾಳು ನಿವೃತ್ತ

ಲೇಬಲ್ಲಿನ ಮಾತು ‘ಇದಕ್ಕೆ ಮೊದಲು ಬಳಸಿ’ ಎಂದು. ಫೆಬ್ರವರಿಗೆ ಮೊದಲು ಎಂದರೆ ಜನವರಿ 31. ನಾನು `2026-01-31` ಬರೆಯುತ್ತೇನೆ.

ಒಂಟಿಕೊಪ್ಪಲು ಅಂಗಡಿ

ಇದನ್ನು ಮಾತ್ರ ನಾನು ಒಪ್ಪುವುದಿಲ್ಲ ಸರ್. ಔಷಧಗಳಲ್ಲಿ ಅವಧಿ ಮುಗಿಯುವ ತಿಂಗಳು ಎಂದರೆ ಆ ತಿಂಗಳ ಕೊನೆಯ ದಿನದವರೆಗೆ ಎಂದು ನಿಯಮವೇ ಇದೆ. ಅದೇ ಕಾಯ್ದೆಯ ಕೆಳಗೆ ಬರುವ ಸೌಂದರ್ಯವರ್ಧಕಕ್ಕೆ ಬೇರೆ ಲೆಕ್ಕವೇಕೆ? `2026-02-28` ಎಂದೇ ನಾನು ಎಲ್ಲ ಕಡೆ ಹಾಕುವುದು, ಯಾರೂ ಹಿಂದಿರುಗಿಸಿಲ್ಲ.

ಹೆಬ್ಬಾಳು ನಿವೃತ್ತ

ಔಷಧದ ಬಗ್ಗೆ ನೀವು ಹೇಳಿದ್ದು ಸರಿ. ಅಲ್ಲಿ ಬರೆಯುವುದು ‘ಅವಧಿ ಮುಗಿಯುವ ದಿನಾಂಕ’, ಇಲ್ಲಿ ಬರೆದಿರುವುದು ‘ಮೊದಲು ಬಳಸಿ’. ಪದ ಬೇರೆ ಇರುವಾಗ ಗ್ರಾಹಕರು ಹೇಗೆ ಓದುತ್ತಾರೋ ಹಾಗೆ ನಡೆಯುವುದು ನನ್ನ ಅಭ್ಯಾಸ. ತಾಣದವರು ಎರಡನ್ನೂ ಒಪ್ಪುತ್ತಾರೆ. ಕಲ್ಲಹಳ್ಳಿಯವರು ಒಂದನ್ನು ಆರಿಸಿಕೊಂಡು ಎಲ್ಲ ಬ್ಯಾಚಿಗೂ ಅದನ್ನೇ ಪಾಲಿಸಲಿ.

ಕಲ್ಲಹಳ್ಳಿ ಮನೆ

ನಾನು ಜನವರಿ 31 ಎಂದೇ ಹಾಕುತ್ತೇನೆ. ಇನ್ನು ಈ ಮೂವತ್ತೊಂಬತ್ತು ಡಬ್ಬಿ. ಇವುಗಳ ಮೇಲೆ 02/2026 ಎಂದು ಚೀಟಿ ಅಂಟಿಸಿ ಮಾರಬಹುದೇ? ಪುಡಿ ಈಗಷ್ಟೇ ಮಾಡಿದ್ದು, ವಾಸನೆ ಚೆನ್ನಾಗಿದೆ.

ಹೆಬ್ಬಾಳು ನಿವೃತ್ತ

ನೀವಾಗಿ ಅಂಟಿಸಬೇಡಿ. ಲೇಬಲ್ಲಿನ ಮೇಲೆ ಅಚ್ಚಾದದ್ದನ್ನು ಪರವಾನಗಿ ನೀಡುವ ಅಧಿಕಾರಿಯ ಅನುಮತಿಯಿಲ್ಲದೆ ಅಳಿಸುವುದಾಗಲಿ ತಿದ್ದುವುದಾಗಲಿ ನಿಷಿದ್ಧ. ದಿನಾಂಕವನ್ನು ಕಡಿಮೆ ಮಾಡುವ ಒಳ್ಳೆಯ ಉದ್ದೇಶವಿದ್ದರೂ ಅಷ್ಟೆ. ಘಟಕದವರ ಮೂಲಕ ಔಷಧ ನಿಯಂತ್ರಣ ಕಚೇರಿಗೆ ಬರೆದು ಕೇಳಿ. ಈ ಬ್ಯಾಚಿನಲ್ಲಿ ಅರಿಶಿನದ ಪ್ರಶ್ನೆಯೂ ಬಾಕಿ ಇದೆ ಎಂಬುದನ್ನು ಮರೆಯಬೇಡಿ. ಅಂಗಡಿಯವರು ಕಚೋರ ಎಂದರೆ ಡಬ್ಬಿಯ ಮೇಲಿನ ಪದಾರ್ಥದ ಹೆಸರೇ ತಪ್ಪು.

ಕಲ್ಲಹಳ್ಳಿ ಮನೆ

ಗ್ರಂಥಿಗೆ ಅಂಗಡಿಯವರಿಗೆ ಫೋನ್ ಮಾಡಿದೆ. ಅವರೂ ಬೇರೊಬ್ಬರಿಂದ ತರಿಸಿದ್ದು, ಕೇಳಿ ಹೇಳುತ್ತೇನೆ ಎಂದರು. ಹನ್ನೊಂದು ಜನರಲ್ಲಿ ಏಳು ಜನರ ನಂಬರ್ ನನ್ನ ಬಳಿ ಇತ್ತು, ಏಳೂ ಜನರಿಗೆ ಕರೆ ಮಾಡಿ ಫೆಬ್ರವರಿಗೆ ಮೊದಲೇ ಮುಗಿಸಿ, ಅದು ಕಡಲೆಬೇಳೆಯ ಹಿಟ್ಟು, ಕಡಲೆಕಾಯಿ ಅಲ್ಲ, ಅರಿಶಿನದ ಜಾತಿ ಇನ್ನೂ ಖಾತ್ರಿಯಾಗಿಲ್ಲ ಎಂದು ಮೂರನ್ನೂ ಹೇಳಿದೆ. ಇಬ್ಬರು ಹಿಂದಿರುಗಿಸುತ್ತೇವೆ ಎಂದರು, ಹಣ ಕಳಿಸಿದ್ದೇನೆ. ಉಳಿದ ನಾಲ್ವರಿಗೆ ತಾಣದ ಮೂಲಕ ಸಂದೇಶ ಹೋಗಿದೆ. ಹಳೆಯ ಜುಲೈ ಬ್ಯಾಚಿನವರಿಗೆ ನಾಳೆಯಿಂದ ಒಬ್ಬೊಬ್ಬರಿಗೇ ಕರೆ ಮಾಡುತ್ತೇನೆ. ಸೋಮವಾರ ಬೆಳಗಿನ ಬಸ್ಸಿಗೆ ಆ ಎರಡು ಡಬ್ಬಿ ಹಿಡಿದುಕೊಂಡು ಹೆಬ್ಬಾಳಿಗೆ ಹೊರಟಿದ್ದೇನೆ, ಸರ್. ಅಂಗಡಿಯವರ ಉತ್ತರ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.